ಒಂದು ಹಾಕಿದರೂ ಹದಿನೇಳು, ಏಳು ಹಾಕಿದರೂ ಹದಿನೇಳು: ಫೋಟೋದಲ್ಲಿ ಬಂದ ಒಂದು ಗ್ರಾಫ್‌ನ ಪ್ರಕರಣ

ಹಿನ್ನೆಲೆ

ನಾನು ಪುಣೆಯ ಚಿಂಚವಾಡದಲ್ಲಿ ಸಂಜೆ ಹೊತ್ತು ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳು. ಕಾಲೇಜಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ನನ್ನ ಹತ್ತಿರ ಬಂದಾಗ ಊರಿನ ಕನ್ನಡ. ಈ ಪ್ರಕರಣದ ಹುಡುಗಿ ಎರಡನೇ ವರ್ಷದವಳು. ಗುರುತು ಸಿಗಬಾರದೆಂದು ಕಾಲೇಜು, ಬಡಾವಣೆ, ತಿಂಗಳು ಯಾವುದನ್ನೂ ಬರೆದಿಲ್ಲ. ಅಂಕಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಒಂದು ರಾತ್ರಿ ಊಟದ ಹೊತ್ತಿಗೆ ಅವಳಿಂದ ಫೋಟೋ ಬಂತು. ತರಗತಿಯ ಕಪ್ಪುಹಲಗೆಯ ಮೇಲೆ ಆರು ನೋಡ್‌ಗಳ ಗ್ರಾಫ್. ಹಿಂದಿನ ಬೆಂಚಿನಿಂದ ಓರೆಯಾಗಿ ತೆಗೆದದ್ದು. ಟ್ಯೂಬ್‌ಲೈಟಿನ ಬೆಳಕು ಹಲಗೆಯ ಮೇಲೆ ಒಂದು ಬಿಳಿ ಪಟ್ಟಿಯಾಗಿ ಬಿದ್ದಿತ್ತು. ಎಡತುದಿಯಲ್ಲಿ A, ಅದರಿಂದ ಮೇಲಕ್ಕೆ B, ಕೆಳಕ್ಕೆ C, ಬಲಕ್ಕೆ ಹೋದರೆ ಮೇಲೆ D, ಕೆಳಗೆ E, ಬಲತುದಿಯಲ್ಲಿ F. ಅಕ್ಷರ ಬರೆದ ಈ ವೃತ್ತಗಳೇ ನೋಡ್‌ಗಳು, ಅವುಗಳನ್ನು ಜೋಡಿಸುವ ಗೆರೆಗಳೇ ಎಡ್ಜ್‌ಗಳು. ಪ್ರತಿ ಎಡ್ಜ್‌ನ ಪಕ್ಕ ಅದರ ತೂಕ, ಅಂದರೆ ಆ ಗೆರೆಯ ದೂರ. A ಯಿಂದ F ಗೆ ಅತಿ ಕಡಿಮೆ ದೂರದ ದಾರಿಯನ್ನು ಡೈಕ್‌ಸ್ಟ್ರಾ ವಿಧಾನದ ಟೇಬಲ್ ಹಾಕಿ ಹುಡುಕಬೇಕು. ಪ್ರತಿ ಸಾಲಿನಲ್ಲೂ ಉಳಿದವುಗಳಲ್ಲಿ A ಗೆ ಅತಿ ಹತ್ತಿರದ ನೋಡ್ ಒಂದನ್ನು ಆರಿಸಿ ಅದರ ದೂರವನ್ನು ಖಾಯಂ ಮಾಡಿ, ಅದರ ಮೂಲಕ ಹೋದರೆ ಬೇರೆ ನೋಡ್‌ಗಳ ದೂರ ಕಡಿಮೆಯಾಗುವುದಾದರೆ ತಿದ್ದುತ್ತ ಹೋಗುವ ಟೇಬಲ್ ಅದು. ಫೋಟೋದ ಕೆಳಗೆ ಒಂದೇ ಸಾಲು:

"ಸರ್, ಮೇಡಂ 12 ಅಂತ ಬರದಾರ್ರೀ, ನನಗ 17 ಬರಾಕತ್ತೈತಿ. ನಾಡಿದ್ದು ಇಂಟರ್ನಲ್ ಐತಿ."

ತೊಡಕು, ಮತ್ತು ನನ್ನ ಮೊದಲ ಊಹೆ

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅವಳು ಓದಿಕೊಂಡಿದ್ದು ಹೀಗೆ:

```
A-B 4    A-C 3    B-C 2    B-D 7    B-E 9
C-D 6    C-E 8    D-E 3    D-F 8    E-F 4
```

ನನ್ನ ಕಣ್ಣು B–D ಮೇಲಿನ ಅಂಕಿಗೆ ಹೋಗಿ ನಿಂತಿತು. ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಸರಿಯಾಗಿ ಆ ಅಂಕಿಯ ತಲೆಯ ಮೇಲೆ ಹಾದುಹೋಗಿತ್ತು. ಅದು 7 ಇರಬಹುದು, ತಲೆಗೆ ಸಣ್ಣ ಕೊಕ್ಕೆ ಇಟ್ಟು ಬರೆದ 1 ಕೂಡ ಇರಬಹುದು. ಬಾಯಿಲೆಕ್ಕದಲ್ಲೇ ನೋಡಿದೆ: 1 ಅಂತ ಹಿಡಿದರೆ A–B–D–E–F ದಾರಿಗೆ 4, 1, 3, 4 ಸೇರಿ 12. ಮೇಡಂ ಕೊಟ್ಟ ಉತ್ತರ ಸಿಕ್ಕಿತು. ಕೆಲಸ ಮುಗಿಯಿತು ಅಂದುಕೊಂಡು ಬರೆದೆ: "ತಂಗೀ, B–D ನಡುವಿಂದು 7 ಅಲ್ಲ, 1 ಇರಬೇಕು. ತಿದ್ದಿ ಮತ್ತೊಮ್ಮೆ ಟೇಬಲ್ ಹಾಕಿ ನೋಡು."

ಕಾಲು ಗಂಟೆಯ ಮೇಲೆ ಉತ್ತರ ಬಂತು. "1 ಹಾಕಿದ್ರೂ 17 ಬರಾಕತ್ತೈತ್ರಿ ಸರ್. 7 ಹಾಕಿದ್ರೂ 17."

ಪೂರ್ತಿ ಟೇಬಲ್ ಮತ್ತೆ ಹಾಕದೆ ಹಳೆಯದರಲ್ಲೇ ಅಲ್ಲಲ್ಲಿ ತಿದ್ದಿರಬೇಕು ಎಂದು ಮೊದಲು ಅನಿಸಿತು. ಹಾಗೆಂದು ಬರೆಯಲು ಹೊರಟವನು ತಡೆದೆ. ಈ ಗ್ರಾಫ್‌ನಲ್ಲಿ B–D ನಡುವಿನ ತೂಕ 7 ರಿಂದ 1 ಕ್ಕೆ ಇಳಿದರೆ D ಗೆ ಹೋಗುವ ಖರ್ಚು 9 ರಿಂದ 5 ಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಬದಲಾವಣೆ ಆದರೂ ಉತ್ತರ ಅಲುಗದಿದ್ದರೆ, ಅವಳ ಟೇಬಲ್ ಆ ಎಡ್ಜ್ ಅನ್ನು ನೋಡುತ್ತಲೇ ಇಲ್ಲ ಎಂದಾಯಿತು. ಅಂದರೆ B ಯಿಂದ ಹೊರಡುವ ಸರದಿಯೇ ಅವಳ ಟೇಬಲ್‌ನಲ್ಲಿ ಬರುತ್ತಿಲ್ಲ. ತಪ್ಪು ಫೋಟೋ ಓದಿದ್ದರಲ್ಲಷ್ಟೇ ಅಲ್ಲ, ಟೇಬಲ್‌ನಲ್ಲೂ ಇತ್ತು.

ಅಲ್ಲಿಯವರೆಗೆ ನಾನು ಕೇಳಿದ್ದು ಅವಳ ಉತ್ತರವನ್ನು ಮಾತ್ರ. ಈಗ ಟೇಬಲ್‌ನ ಫೋಟೋ ಕೇಳಿದೆ.

ಟೇಬಲ್‌ನಲ್ಲಿ ಕಂಡದ್ದು

ಚೌಕುಳಿ ಹಾಳೆಯ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದ ಅಚ್ಚುಕಟ್ಟಾದ ಟೇಬಲ್. 7 ಹಿಡಿದು ಮಾಡಿದ್ದೂ 1 ಹಿಡಿದು ಮಾಡಿದ್ದೂ ಅಕ್ಕಪಕ್ಕ ಇದ್ದವು. ಎರಡೂ ಪೂರ್ತಿ ಹೊಸದಾಗಿ ಹಾಕಿದವು. ಎರಡರಲ್ಲೂ ಒಂದು ಅಂಕಿಯ ವ್ಯತ್ಯಾಸವೂ ಇರಲಿಲ್ಲ:

| ಸಾಲು | ಆರಿಸಿದ ನೋಡ್ | B | C | D | E | F |
|---|---|---|---|---|---|---|
| 1 | A (0) | 4 | 3 | – | – | – |
| 2 | C (3) | – | | 9 | 11 | – |
| 3 | D (9) | – | | | – | 17 |
| 4 | F (17) | | | | | |

ಎರಡನೇ ಸಾಲನ್ನು ನೋಡಿ. C ಯಿಂದ B ಗೆ ಹೋದರೆ 3 ಮತ್ತು 2 ಸೇರಿ 5. B ಗೆ ಆಗಲೇ 4 ಇದೆ, 5 ಅದಕ್ಕಿಂತ ಹೆಚ್ಚು, ಆದ್ದರಿಂದ ಬದಲಾಯಿಸುವುದು ಬೇಡ. ಇಲ್ಲಿಯವರೆಗೆ ಅವಳ ಲೆಕ್ಕ ಸರಿಯೇ. ಆದರೆ ಬದಲಾವಣೆ ಇಲ್ಲವೆಂದು ಅವಳು ಆ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದಳು. ಮೊದಲ ಸಾಲಿನಲ್ಲಿ D, E, F ಗಳ ಕೆಳಗೆ ಎಳೆದದ್ದೂ ಅದೇ ಅಡ್ಡಗೆರೆ. ಅಲ್ಲಿ ಅದರ ಅರ್ಥ "ಇನ್ನೂ ದಾರಿ ಇಲ್ಲ", ಅಂದರೆ ಅನಂತ. ಇಲ್ಲಿ ಅದರ ಅರ್ಥ "ಹಳೆಯ 4 ಹಾಗೇ ಇದೆ". ಒಂದೇ ಗುರುತು, ಎರಡು ಅರ್ಥ. ಮುಂದೆ ಯಾವ ನೋಡ್ ಆರಿಸಬೇಕೆಂದು ಎರಡನೇ ಸಾಲಿನ ಮೇಲೆ ಕಣ್ಣಾಡಿಸುವಾಗ ಅಲ್ಲಿ ಕಾಣುವ ಅಂಕಿಗಳು 9 ಮತ್ತು 11 ಮಾತ್ರ. ಚಿಕ್ಕದು 9, ಆದ್ದರಿಂದ D. ಮೊದಲ ಸಾಲಿನಲ್ಲಿ 4 ಹಿಡಿದುಕೊಂಡು ಕಾಯುತ್ತಿರುವ B ಅವಳ ಕಣ್ಣಿಗೆ ಬೀಳಲೇ ಇಲ್ಲ. ಮೂರನೇ ಸಾಲಿನಲ್ಲಿ E ಗೂ ಇದೇ ಗತಿ. D ಯಿಂದ E ಗೆ 12, ಇದ್ದದ್ದು 11, ಹಾಗಾಗಿ ಅಡ್ಡಗೆರೆ. ಸಾಲಿನಲ್ಲಿ ಉಳಿದ ಅಂಕಿ 17 ಒಂದೇ. F ಆರಿಸಿ ಮುಗಿಸಿಬಿಟ್ಟಳು.

ನಿಯಮ ಬಾಯಿಪಾಠ ಇತ್ತು. ಫೋನಿನಲ್ಲಿ ಕೇಳಿದಾಗ ತಡವರಿಸದೆ ಹೇಳಿದಳು: ಖಾಯಂ ಆಗದ ನೋಡ್‌ಗಳಲ್ಲೆಲ್ಲ ಅತಿ ಚಿಕ್ಕ ದೂರ ಇರುವುದನ್ನು ಆರಿಸಬೇಕು. "ಎಲ್ಲ" ಎಂಬ ಮಾತು ಅವಳಿಗೆ ಗೊತ್ತಿತ್ತು, ಆದರೆ ಅವಳ ಟೇಬಲ್‌ನ ಸಾಲಿನಲ್ಲಿ ಎಲ್ಲವೂ ಇರಲಿಲ್ಲ. ಇಂಥ ತಪ್ಪನ್ನು ನಿಯಮ ಮತ್ತೊಮ್ಮೆ ಹೇಳಿಕೊಟ್ಟು ಸರಿಪಡಿಸಲಾಗುವುದಿಲ್ಲ ಎಂಬುದು ನನ್ನ ಅನುಭವ. ಬರೆಯುವ ರೀತಿಯನ್ನೇ ಬದಲಿಸಬೇಕು.

ಯಾವುದನ್ನು ಮೊದಲು ತಿದ್ದುವುದು

ಈಗ ಎರಡು ತಪ್ಪು ಎದುರಿಗಿದ್ದವು. ಒಂದು ಓದಿದ್ದರಲ್ಲಿ, ಒಂದು ಮಾಡಿದ್ದರಲ್ಲಿ. ನಾಡಿದ್ದು ಪರೀಕ್ಷೆ ಬೇರೆ. ಎರಡನ್ನೂ ಒಟ್ಟಿಗೆ ತಿದ್ದಿಸಿದರೆ ತಕ್ಷಣ 12 ಬರುತ್ತಿತ್ತು. ಆದರೆ "ಅಂಕಿ ತಪ್ಪು ಓದಿದ್ದೆ, ಅಷ್ಟೇ" ಎಂದು ಅವಳು ಪುಸ್ತಕ ಮುಚ್ಚಿಬಿಡುತ್ತಾಳೆ ಎಂಬ ಭಯ ನನಗಿತ್ತು. ಅದಕ್ಕೆ ಅಂಕಿಯನ್ನು ಅವಳು ಓದಿದಂತೆ 7 ಎಂದೇ ಇಟ್ಟು, ಮೊದಲು ಟೇಬಲ್ ಮಾತ್ರ ಸರಿ ಮಾಡಿಸಲು ನಿರ್ಧರಿಸಿದೆ.

ಕರೆ ಮಾಡಿ ಕೇಳಿದೆ: "ಸಂತಿಗೆ ಉಳ್ಳಾಗಡ್ಡಿ ತರಾಕ ಹೋದಿ ಅನ್ನು. ಮೊದಲನೇ ಅಂಗಡ್ಯಾಂವ 40 ಅಂದ. ಮುಂದ ಹೋದಿ, ಇಬ್ಬರು 50, 55 ಅಂದ್ರು. ಯಾರ ಹತ್ರ ತಗೋತಿ?"

"ಮೊದಲನೇವನ ಹತ್ರರಿ."

"ಮತ್ತ ಟೇಬಲ್ದಾಗ ಅವನ್ನ ಯಾಕ ಬಿಟ್ಟಿ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹಾಳೆ ತಿರುವಿದ ಸದ್ದು. "ಅಯ್ಯ, B ಹಂಗೇ ಉಳದೈತ್ರಿ ಸರ್."

ಬದಲಿಸಿದ್ದು ಎರಡೇ. ಅಡ್ಡಗೆರೆ ಪೂರ್ತಿ ಬಿಡಬೇಕು: ದಾರಿ ಇಲ್ಲದಿದ್ದರೆ ∞, ಬದಲಾವಣೆ ಇಲ್ಲದಿದ್ದರೆ ಹಳೆಯ ಅಂಕಿಯನ್ನೇ ಕೆಳಗಿನ ಸಾಲಿಗೆ ಮತ್ತೆ ಬರೆಯಬೇಕು. ಹಾಗಾದಾಗ ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ತಿಯಾಗಿರುತ್ತದೆ, ಹಿಂದಿನ ಸಾಲು ನೆನಪಿಡುವ ಅಗತ್ಯ ಇರುವುದಿಲ್ಲ. ಎರಡನೆಯದು, ಪ್ರತಿ ಅಂಕಿಯ ಪಕ್ಕ ಅದು ಯಾವ ನೋಡ್ ಮೂಲಕ ಬಂತು ಎಂದು ಒಂದು ಅಕ್ಷರ. 9C ಎಂದರೆ C ಮೂಲಕ ಬಂದ 9. ಕೊನೆಯಲ್ಲಿ ದಾರಿ ಹೇಳಲು ಇದೇ ಬೇಕಾಗುತ್ತದೆ.

C ಆದ ಮೇಲೆ B ಯನ್ನೇ ಏಕೆ ತೆಗೆದುಕೊಳ್ಳಬೇಕು, D ಗೆ ನೇರ ಹೋದರೇನು ಎಂದು ಅವಳೇ ಕೇಳಿದಳು. ಇಡೀ ವಿಧಾನ ನಿಂತಿರುವುದು ಈ ಪ್ರಶ್ನೆಯ ಮೇಲೆ. D ಯನ್ನು 9 ಕ್ಕೆ ಖಾಯಂ ಮಾಡುವುದೆಂದರೆ "D ಗೆ 9 ಕ್ಕಿಂತ ಅಗ್ಗದ ದಾರಿ ಇನ್ನು ಸಿಗುವುದಿಲ್ಲ" ಎಂದು ಬರೆದುಕೊಟ್ಟ ಹಾಗೆ. B ಇನ್ನೂ 4 ರಲ್ಲಿ ಕಾಯುತ್ತಿರುವಾಗ ಹಾಗೆ ಬರೆದುಕೊಡಲು ಬರುವುದಿಲ್ಲ, ಏಕೆಂದರೆ B ಮೂಲಕ 5, 6 ಅಥವಾ 7 ಕ್ಕೇ D ತಲುಪಬಹುದು. ಆದರೆ B ಯನ್ನು 4 ಕ್ಕೆ ಖಾಯಂ ಮಾಡಲು ಅಡ್ಡಿಯಿಲ್ಲ. ಕಾಯುತ್ತಿರುವ ಬೇರೆ ಯಾವ ನೋಡ್‌ನಿಂದ ಸುತ್ತಿ ಬಂದರೂ ಅಲ್ಲಿಗೆ ಹೋಗುವುದಕ್ಕೇ 9 ಅಥವಾ 11 ಆಗುತ್ತದೆ, ಮುಂದಿನ ಎಡ್ಜ್ ಅದಕ್ಕೆ ಕೂಡುತ್ತದೆಯೇ ಹೊರತು ಕಳೆಯುವುದಿಲ್ಲ. ತೂಕಗಳಲ್ಲಿ ಒಂದಾದರೂ ಮೈನಸ್ ಇದ್ದರೆ ಈ ಮಾತು ಬಿದ್ದುಹೋಗುತ್ತದೆ, ಆಗ ಈ ಟೇಬಲ್ ನಂಬುವ ಹಾಗಿಲ್ಲ. ಡೈಕ್‌ಸ್ಟ್ರಾ ಇದನ್ನು 1956 ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕೂತು, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದೆಂದು ಮುಂದೆ ಹೇಳಿಕೊಂಡಿದ್ದರು. ಅಚ್ಚಾದದ್ದು 1959 ರಲ್ಲಿ. ಕಾಯುತ್ತಿರುವವರ ಪಟ್ಟಿಯನ್ನು ತಲೆಯಲ್ಲಿ ಇಟ್ಟುಕೊಳ್ಳಲು ಬಾರದ ನಮ್ಮಂಥವರಿಗೆ ಟೇಬಲ್ ಬೇಕು, ಮತ್ತು ಆ ಪಟ್ಟಿ ಪ್ರತಿ ಸಾಲಿನಲ್ಲೂ ಪೂರ್ತಿ ಇರಬೇಕು.

ಹೊಸ ಟೇಬಲ್ 7 ಇಟ್ಟುಕೊಂಡೇ ಹಾಕಿದಳು. C ಆದ ಮೇಲೆ B (4), ಅದರಿಂದ D ಗೆ 11, ಇದ್ದದ್ದು 9, ಬದಲಾಗಲಿಲ್ಲ. ಆಮೇಲೆ D (9), F ಗೆ 17. ಆಮೇಲೆ E (11), F ಗೆ 15. ಉತ್ತರ 15, ದಾರಿ A–C–E–F.

"ಇದೂ 12 ಅಲ್ಲಲ್ರೀ" ಎಂದಳು. ದನಿ ಸಣ್ಣಗಾಗಿತ್ತು. ರಾತ್ರಿ ಹತ್ತೂವರೆ ಆಗಿತ್ತು, ಅವಳಿಗೆ ಬೇಸರವಾದದ್ದು ಗೊತ್ತಾಯಿತು. ಆದರೆ ನನಗೆ ಬೇಕಾಗಿದ್ದುದು ಇದೇ 15. ಇದೇ ಗ್ರಾಫ್‌ಗೆ, ಅವಳೇ ಓದಿದ ಅಂಕಿಗಳಿಗೆ, ಮೊದಲು 17 ಬಂದಿತ್ತು, ಈಗ 15 ಬಂದಿದೆ. ಈ ಎರಡರ ಅಂತರವೆಲ್ಲ ಟೇಬಲ್ ಹಾಕಿದ ರೀತಿಯಿಂದಲೇ ಬಂದದ್ದು, ಫೋಟೋಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅವಳಿಗೆ ಹೇಳಿದ ಮೇಲೆಯೇ ಫೋಟೋಗೆ ಮರಳಿದೆವು.

ಫೋಟೋ ಓದಿದ್ದು

ಉತ್ತರ 12 ಬರುತ್ತದೆ ಎಂಬ ಕಾರಣಕ್ಕೆ ಅಂಕಿಯನ್ನು 1 ಎಂದು ಓದುವುದು ನನಗೆ ಒಪ್ಪಿಗೆಯಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಕೊಟ್ಟಿರುವುದಿಲ್ಲ. ಅವಳು ಕಳಿಸಿದ್ದು ಅಂಚು ಕತ್ತರಿಸಿದ ಫೋಟೋ. ಮೂಲದ್ದನ್ನು ಕಳಿಸು ಎಂದೆ. ಅದರಲ್ಲಿ ಹಲಗೆಯ ಬಲಮೂಲೆ ಪೂರ್ತಿ ಇತ್ತು, ಮೂಲೆಯಲ್ಲಿ ದಿನಾಂಕ: 17. ಅದೇ ಕೈಯಲ್ಲಿ ಬರೆದ 1 ಮತ್ತು 7 ಪಕ್ಕಪಕ್ಕದಲ್ಲೇ. ಮೇಡಂ ಅವರ 7 ರ ತಲೆಗೆರೆ ಚಪ್ಪಟೆಯಾಗಿ ಉದ್ದಕ್ಕಿತ್ತು, ಮೂಲೆ ಚೂಪಾಗಿ ತಿರುಗಿತ್ತು. ಅವರ 1 ಕ್ಕೆ ತಲೆಯಿಂದ ಎಡಕ್ಕೆ ಇಳಿಜಾರಾದ ಗಿಡ್ಡ ಕೊಕ್ಕೆ. B–D ಮೇಲಿನ ಅಂಕಿಯ ಕೊಕ್ಕೆಯೂ ಇಳಿಜಾರಾಗಿಯೇ ಇತ್ತು. ಅದರ ತುದಿಗೆ ಬಿಳಿ ಪಟ್ಟಿ ಅಂಟಿಕೊಂಡು ಉದ್ದವಾಗಿ ಕಂಡಿತ್ತು. ಅದು 1.

ಇನ್ನೊಂದು ಅನುಮಾನವೂ ಇತ್ತು. B–E ಮತ್ತು C–D ಎಡ್ಜ್‌ಗಳು ನಡುವೆ ಒಂದನ್ನೊಂದು ದಾಟುತ್ತವೆ. ದಾಟುವ ಜಾಗದ ಹತ್ತಿರ 9 ಮತ್ತು 6 ಎರಡೂ ಒತ್ತಿಕೊಂಡಿದ್ದವು. ಯಾವುದು ಯಾರದು? ಅಲ್ಲಿ ವೃತ್ತ ಇಲ್ಲ, ಅಕ್ಷರ ಇಲ್ಲ, ಆದ್ದರಿಂದ ಅದು ನೋಡ್ ಅಲ್ಲ ಎಂಬುದಷ್ಟು ಖಚಿತ. ಇದನ್ನು ಎಣಿಸಿಯೂ ನೋಡಬಹುದು. ಪ್ರತಿ ನೋಡ್‌ಗೆ ಎಷ್ಟು ಗೆರೆ ಬಂದು ಸೇರುತ್ತವೆ ಎಂದು ಚಿತ್ರದಲ್ಲಿ ಬೆರಳಿಟ್ಟು ಎಣಿಸಿದರೆ A ಗೆ 2, B, C, D, E ಗೆ ತಲಾ 4, F ಗೆ 2, ಒಟ್ಟು 20. ಪ್ರತಿ ಎಡ್ಜ್‌ಗೆ ಎರಡು ತುದಿ, ಹಾಗಾಗಿ ಎಡ್ಜ್ 10. ಅವಳ ಪಟ್ಟಿಯಲ್ಲೂ 10, ಚಿತ್ರದಲ್ಲಿ ಅಂಕಿಗಳೂ 10. ಒಂದು ಗೆರೆಯೂ ತಪ್ಪಿಹೋಗಿಲ್ಲ.

9 ಮತ್ತು 6 ಅದಲುಬದಲಾದರೆ ಏನಾಗುತ್ತದೆಂದು ಆ ಬೇರೆ ಟೇಬಲ್ ಕೂಡ ಹಾಕಿಸಿದೆ. ಎರಡನೇ ಸಾಲಿನಲ್ಲಿ D ಗೆ 9 ರ ಬದಲು 12 ಬಂತು, ಮೂರನೆಯದರಲ್ಲಿ E ಗೆ 11 ರ ಬದಲು 10 ಬಂತು. ಆದರೆ ಕೊನೆಯ ಉತ್ತರ 12 ಹಾಗೇ ಉಳಿಯಿತು, ದಾರಿಯೂ ಅದೇ. ಅಂದರೆ ಉತ್ತರದ ಮಟ್ಟಿಗೆ ಈ ಅನುಮಾನ ಲೆಕ್ಕಕ್ಕಿಲ್ಲ, 1 ಮತ್ತು 7 ರ ಅನುಮಾನವೇ ಲೆಕ್ಕಕ್ಕೆ ಬರುವುದು. ಸಾಲುಗಳಿಗೂ ಅಂಕ ಕೊಡುತ್ತಾರಾದ್ದರಿಂದ ಗೆಳತಿಯ ನೋಟ್‌ಬುಕ್ ನೋಡಿ ಖಚಿತ ಮಾಡಿಕೋ ಎಂದೆ. B–E ಗೆ 9, C–D ಗೆ 6 ಎಂದು ಮರುದಿನ ತಿಳಿಯಿತು.

ಕೊನೆಗೆ ಅವಳು ಹಾಕಿದ ಟೇಬಲ್ ಇದು:

| ಸಾಲು | ಖಾಯಂ ಆದ ನೋಡ್ | B | C | D | E | F |
|---|---|---|---|---|---|---|
| 1 | A (0) | 4A | 3A | ∞ | ∞ | ∞ |
| 2 | C (3) | 4A | | 9C | 11C | ∞ |
| 3 | B (4) | | | 5B | 11C | ∞ |
| 4 | D (5) | | | | 8D | 13D |
| 5 | E (8) | | | | | 12E |
| 6 | F (12) | | | | | |

F ನಿಂದ ಹಿಂದಕ್ಕೆ ಓದಿದರೆ F ಗೆ E ಯಿಂದ, E ಗೆ D ಯಿಂದ, D ಗೆ B ಯಿಂದ, B ಗೆ A ಯಿಂದ. ನಾಲ್ಕನೇ ಸಾಲಿನಲ್ಲಿ F ಗೆ 13 ಬಂದಾಗ ಅಲ್ಲಿಗೇ ನಿಲ್ಲಿಸುವ ಆಸೆ ಆಗುತ್ತದೆ, ಗುರಿ ತಲುಪಿದೆವಲ್ಲ ಎಂದು. ಆದರೆ 8 ಹಿಡಿದ E ಇನ್ನೂ ಕಾಯುತ್ತಿದೆ. ಗುರಿಯ ನೋಡ್‌ಗೆ ಅಂಕಿ ಬಂದಾಗ ನಿಲ್ಲಿಸುವಂತಿಲ್ಲ, ಅದು ಎಲ್ಲಕ್ಕಿಂತ ಚಿಕ್ಕದಾಗಿ ಖಾಯಂ ಆದಾಗ ನಿಲ್ಲಿಸಬಹುದು.

ನಾನು ಮೊದಲೇ ಮಾಡಬೇಕಿದ್ದದ್ದು

ಈ ಪ್ರಕರಣದಲ್ಲಿ ನನ್ನ ಕಡೆಯ ತಪ್ಪೂ ಇದೆ, ಅದನ್ನು ಬರೆಯದಿದ್ದರೆ ಇದು ಪೂರ್ತಿಯಾಗುವುದಿಲ್ಲ. 17 ತಪ್ಪು ಎಂದು ತಿಳಿಯಲು ಮೇಡಂ ಅವರ 12 ಬೇಕಿರಲಿಲ್ಲ, ಫೋಟೋದ ಅನುಮಾನ ಬಗೆಹರಿಯುವುದೂ ಬೇಕಿರಲಿಲ್ಲ. ಟೇಬಲ್ ಮುಗಿದ ಮೇಲೆ ಎಡ್ಜ್‌ಗಳ ಪಟ್ಟಿ ಹಿಡಿದು ಒಂದೊಂದನ್ನೇ ಕೇಳುತ್ತ ಹೋದರೆ ಸಾಕು: ಈ ಎಡ್ಜ್‌ನ ಒಂದು ತುದಿಯ ದೂರಕ್ಕೆ ತೂಕ ಕೂಡಿಸಿದರೆ ಇನ್ನೊಂದು ತುದಿಗೆ ಈಗಿರುವುದಕ್ಕಿಂತ ಕಡಿಮೆ ಬರುತ್ತದೆಯೇ? ಒಂದು ಕಡೆ ಬಂದರೂ ಟೇಬಲ್ ತಪ್ಪು. ಅವಳ ಮೊದಲ ಟೇಬಲ್‌ನಲ್ಲಿ E ಗೆ 11, F ಗೆ 17. E–F ತೂಕ 4. 11 ಮತ್ತು 4 ಸೇರಿ 15, ಅದು 17 ಕ್ಕಿಂತ ಕಡಿಮೆ. B–D ಮೇಲೆ 7 ಇರಲಿ, 1 ಇರಲಿ, ತಪ್ಪು ಅಲ್ಲೇ ಕಾಣುತ್ತಿತ್ತು. ನಾನು ಅಂಕಿಯ ಹಿಂದೆ ಬಿದ್ದು ಅವಳನ್ನು ಕಾಲು ಗಂಟೆ ಸುಮ್ಮನೆ ಓಡಾಡಿಸಿದೆ.

ಕೊನೆಯ ಟೇಬಲ್‌ಗೆ ಈ ಪರೀಕ್ಷೆ ಅವಳೇ ಮಾಡಿದಳು. ದೂರಗಳು A 0, B 4, C 3, D 5, E 8, F 12. D–F ನಲ್ಲಿ 5 ಕ್ಕೆ 8 ಕೂಡಿಸಿದರೆ 13, ಇರುವುದು 12, ಸರಿ. C–D ನಲ್ಲಿ 3 ಕ್ಕೆ 6 ಕೂಡಿಸಿದರೆ 9, ಇರುವುದು 5, ಸರಿ. ಹೀಗೆ ಹತ್ತೂ ಎಡ್ಜ್‌ಗಳನ್ನು ಎರಡೂ ದಿಕ್ಕಿನಿಂದ ನೋಡಲು ಅವಳಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಆದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ. ಪಟ್ಟಿಯಲ್ಲೇ ಅಂಕಿ ತಪ್ಪು ಬರೆದುಕೊಂಡಿದ್ದರೆ ಇದು ಹಿಡಿಯುವುದಿಲ್ಲ. 7 ಇಟ್ಟು ಸರಿಯಾಗಿ ಮಾಡಿ 15 ತಂದ ಟೇಬಲ್ ಇದರಲ್ಲಿ ಪಾಸಾಗುತ್ತದೆ.

ಇಂಟರ್ನಲ್ ಆದ ಸಂಜೆ ಅವಳು ಪ್ರಶ್ನೆಯನ್ನೂ ತನ್ನ ಟೇಬಲನ್ನೂ ಮತ್ತೆ ಬರೆದುಕೊಂಡು ಬಂದಿದ್ದಳು. ಗ್ರಾಫ್ ಬೇರೆಯದು, ಆದರೆ ಈ ಸಲವೂ ಹಲಗೆಯ ಮೇಲೇ ಬರೆದಿದ್ದರಂತೆ. ಟೇಬಲ್ ಶುರು ಮಾಡುವ ಮೊದಲು ಬದಿಗೆ ಎಡ್ಜ್‌ಗಳ ಪಟ್ಟಿ ಬರೆದಿದ್ದಳು, ಒಂದು ಅಂಕಿಯ ಸುತ್ತ ಗುಂಡು ಹಾಕಿದ್ದಳು. ಅದೇನೆಂದು ಕೇಳಿದೆ. "ಅದು ಒಂದೋ ಏಳೋ ಗೊತ್ತಾಗಲಿಲ್ರೀ ಸರ್, ಎದ್ದು ನಿಂತು ಕೇಳಿದೆ" ಎಂದಳು. ಮೇಡಂ ತಿರುಗಿ ಹಲಗೆ ನೋಡಿ, ಆ ಅಂಕಿಯನ್ನು ಒರೆಸಿ, ದೊಡ್ಡದಾಗಿ 7 ಎಂದು ಬರೆದರಂತೆ.